ಮೂರು ಪುಟದ ಗೀಚು, 0.8 ಸೆಕೆಂಡಿನ ಹಾಳೆ

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದಲ್ಲಿ ಮೊದಲ ವರ್ಷದ ಎಂಬಿಬಿಎಸ್ ಓದುತ್ತಿದ್ದೇನೆ. ಊರು ಹೊಸನಗರದ ಹತ್ತಿರ, ಅಡಿಕೆ ತೋಟದ ಮನೆ. ಹೃದಯದ ಪಾಠದ ನೋಟ್ಸ್ ಎಲ್ಲಾ ಬಾಣ, ಅರ್ಧ ವಾಕ್ಯ, ಅಂಚಿನಲ್ಲಿ ಗೀಚಿದ್ದು. ನೀಟಾಗಿ ಕಾಪಿ ಮಾಡಿದೆ, ಬಣ್ಣದ ಪೆನ್ನಲ್ಲಿ ಹೆಡಿಂಗ್ ಹಾಕಿದೆ. ಆದರೂ ಓದಿದರೆ ತಲೆಗೆ ಹೋಗಲ್ಲ. ಕಾರ್ಡಿಯಾಕ್ ಸೈಕಲ್‌ನ ಮೂರು ಪುಟ, ಅದರ ನೀಟ್ ಕಾಪಿ, ಎರಡರದ್ದೂ ಫೋಟೋ ಕಳಿಸಿದ್ದೇನೆ. ಪರೀಕ್ಷೆಗೆ ಒಂದು ರಿವಿಷನ್ ಶೀಟ್ ಮಾಡಿಕೊಳ್ಳೋದು ಹೇಗೆ?

ಉತ್ತರ: ಎರಡೂ ಫೋಟೋ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ನಿಮಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಗೀಚಿದ ನೋಟ್ಸೇ ನೀಟ್ ಕಾಪಿಗಿಂತ ಚೆನ್ನಾಗಿದೆ. ಗೀಚಿದ್ದರಲ್ಲಿ ಇದ್ದ ಎರಡು ವಿಷಯ ನೀಟ್ ಕಾಪಿಯಲ್ಲಿ ಮಾಯವಾಗಿವೆ. ಅವು ಯಾವುವು ಅಂತ ಮುಂದೆ ಬರುತ್ತೆ.

ಮೊದಲು ಈ ಪಾಠದ ನೋಟ್ಸ್ ಯಾಕೆ ಗೋಜಲಾಗುತ್ತೆ ಅಂತ ನೋಡೋಣ. ತಪ್ಪು ನಿಮ್ಮ ಅಕ್ಷರದ್ದಲ್ಲ. ಕ್ಲಾಸಿನಲ್ಲಿ ಬೋರ್ಡ್ ಮೇಲೆ ವಿಗ್ಗರ್ಸ್ ಚಿತ್ರ ಬರೆದಿರುತ್ತಾರೆ. ಮೇಲೆ ಒತ್ತಡದ ಗೆರೆ, ಅದರ ಕೆಳಗೆ ವೆಂಟ್ರಿಕಲ್‌ನ ರಕ್ತದ ಪ್ರಮಾಣ, ಆಮೇಲೆ ಕುತ್ತಿಗೆಯ ರಕ್ತನಾಳದ ಅಲೆಗಳು, ಇಸಿಜಿ, ಹೃದಯದ ಸದ್ದು. ಪಾಠ ಮಾಡುವವರು ಒಂದೊಂದೇ ಗೆರೆಯನ್ನು ಎಡದಿಂದ ಬಲಕ್ಕೆ ಹೇಳಿಕೊಂಡು ಹೋಗುತ್ತಾರೆ. ಒತ್ತಡದ ಕಥೆ ಪೂರ್ತಿ ಮುಗಿಸಿ, ಮತ್ತೆ ಮೊದಲಿಂದ ಪ್ರಮಾಣದ ಕಥೆ. ಪಾಠ ಮಾಡಲು ಬೇರೆ ದಾರಿಯೂ ಇಲ್ಲ. ಆದರೆ ಪರೀಕ್ಷೆಯಲ್ಲಿ, ಅದರಲ್ಲೂ ವೈವಾದಲ್ಲಿ, ಕೇಳೋದು ಅಡ್ಡಡ್ಡ ಅಲ್ಲ, ಮೇಲಿಂದ ಕೆಳಕ್ಕೆ. 'ಅಯೋರ್ಟಿಕ್ ವಾಲ್ವ್ ಮುಚ್ಚಿದ ಕ್ಷಣಕ್ಕೆ ವೆಂಟ್ರಿಕಲ್‌ನಲ್ಲಿ ಎಷ್ಟು ರಕ್ತ ಇದೆ, ಯಾವ ಸದ್ದು ಕೇಳುತ್ತೆ' ಅಂತ ಕೇಳುತ್ತಾರೆ. ಇದರ ಉತ್ತರ ನಿಮ್ಮ ಮೂರೂ ಪುಟಗಳಲ್ಲಿ ಚೂರುಚೂರಾಗಿ ಬಿದ್ದಿದೆ. ನೀವು ಅದೇ ಕ್ರಮದಲ್ಲಿ ಅಂದವಾಗಿ ಕಾಪಿ ಮಾಡಿದ್ದೀರಿ. ಚೂರುಗಳು ಚೂರುಗಳಾಗಿಯೇ ಉಳಿದವು.

ನಿಮ್ಮ ಮನೆಯಲ್ಲಿ ಅಡಿಕೆ ಆರಿಸೋದು ನೋಡಿರುತ್ತೀರಿ. ಹಸ ಒಂದು ಕಡೆ, ಬೆಟ್ಟೆ ಒಂದು ಕಡೆ, ರಾಶಿ, ಗೊರಬಲು ಬೇರೆ. ಎಲ್ಲಾ ಬೆರಕೆ ಇರುವಾಗಲೇ ಮೂಟೆ ಕಟ್ಟಿ ಚೆಂದದ ಚೀಟಿ ಅಂಟಿಸಿದರೆ ಮಂಡಿಯಲ್ಲಿ ಯಾರು ಕೇಳುತ್ತಾರೆ? ಇಲ್ಲೂ ಆರಿಸೋದು ಮೊದಲು, ಬರೆಯೋದು ಆಮೇಲೆ.

ಹಾಗಾಗಿ ಹೊಸ ಹಾಳೆ ಇನ್ನೂ ತೆಗೆಯಬೇಡಿ. ಒಂದು ಪೆನ್ಸಿಲ್ ತಗೊಳ್ಳಿ. ಹೃದಯ ನಿಮಿಷಕ್ಕೆ 75 ಸಲ ಬಡಿದರೆ ಒಂದು ಬಡಿತಕ್ಕೆ 0.8 ಸೆಕೆಂಡ್. ಅದನ್ನು ಏಳು ತುಂಡು ಮಾಡಿ ಒಂದೊಂದಕ್ಕೂ ನಂಬರ್ ಕೊಡಿ. ಒಂದು, ಏಟ್ರಿಯಂ ಹಿಂಡುವುದು. ಎರಡು, ಐಸೋವಾಲ್ಯುಮೆಟ್ರಿಕ್ ಕಾಂಟ್ರಾಕ್ಷನ್. ಮೂರು, ಎಜೆಕ್ಷನ್. ನಾಲ್ಕು, ಪ್ರೋಟೋಡಯಾಸ್ಟೊಲ್, ಅಂದರೆ ಹಿಂಡುವುದು ಮುಗಿದು ಅಯೋರ್ಟಿಕ್ ವಾಲ್ವ್ ಮುಚ್ಚುವವರೆಗಿನ ಚಿಕ್ಕ ಹೊತ್ತು. ಐದು, ಐಸೋವಾಲ್ಯುಮೆಟ್ರಿಕ್ ರಿಲ್ಯಾಕ್ಸೇಷನ್. ಆರು, ರಕ್ತ ಬೇಗ ತುಂಬುವುದು. ಏಳು, ನಿಧಾನಕ್ಕೆ ತುಂಬುವುದು. ಇನ್ನು ನೋಟ್ಸ್‌ನ ಪ್ರತಿ ಗೀಚು, ಪ್ರತಿ ಬಾಣ, ಪ್ರತಿ ಅಂಕಿಯ ಪಕ್ಕದಲ್ಲೂ ಅದು ಸೇರುವ ತುಂಡಿನ ನಂಬರ್ ಹಾಕುತ್ತಾ ಹೋಗಿ. ಮೂರು ಪುಟಕ್ಕೆ ಅರ್ಧ ಗಂಟೆ ಬೇಕು. ಓದಲಾಗದ ಕಡೆ ಊಹಿಸಿ ನಂಬರ್ ಕೊಡಬೇಡಿ, ಸುಮ್ನೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಕೆಲವು ಪುಸ್ತಕಗಳು ವೃತ್ತವನ್ನು ಎರಡರಿಂದ ಶುರು ಮಾಡುತ್ತವೆ. ಮಾಡಲಿ. ಇಸಿಜಿಯಲ್ಲಿ ಪಿ ಅಲೆ ಮೊದಲು ಬರುವುದರಿಂದ ನನಗೆ ಏಟ್ರಿಯಂನಿಂದ ಶುರು ಮಾಡುವುದೇ ಸಲೀಸು.

ಈಗ ನಿಮ್ಮ ನೋಟ್ಸ್‌ಗೆ ಬರುತ್ತೇನೆ. ಎರಡನೇ ಪುಟದ ಬಲಗಡೆ ಒಂದು ಕಂಬದಂತೆ ಅಂಕಿಗಳನ್ನು ಬರೆದುಕೊಂಡಿದ್ದೀರಿ: 0.05, 0.22, 0.08, 0.11, 0.19, 0.11. ಇವು ಎರಡನೇ ತುಂಡಿನಿಂದ ಶುರುವಾಗಿ ಒಂದನೆಯದರಲ್ಲಿ ಮುಗಿಯುವ, ಆಯಾ ತುಂಡಿನ ಸೆಕೆಂಡುಗಳು. ಕೂಡಿಸಿ ನೋಡಿ. 0.76 ಬರುತ್ತೆ. ಆದರೆ ಒಟ್ಟು 0.80 ಆಗಬೇಕು. 0.04 ಎಲ್ಲಿ ಹೋಯಿತು? ಅದೇ ಪುಟದ ಅಂಚಿನಲ್ಲಿ 'ಪ್ರೋಟೋ 0.0' ಅಂತ ಬರೆದು ಮುಂದಿನ ಅಂಕಿ ನೀರು ತಾಗಿ ಹರಡಿಹೋಗಿದೆ. ಮಳೆಯಲ್ಲಿ ಬಸ್ಸಿಗೆ ಓಡಿದ ದಿನದ್ದಿರಬೇಕು! ಹರಡಿದ ಅಂಕಿ 4 ಅಂತ ಲೆಕ್ಕವೇ ಹೇಳುತ್ತಿದೆ. ಅದು ನಾಲ್ಕನೇ ತುಂಡು. ನೀಟ್ ಕಾಪಿಯಲ್ಲಿ ನೀವು ಅದನ್ನು ಬಿಟ್ಟೇಬಿಟ್ಟಿದ್ದೀರಿ. ಕಳೆದುಹೋದ ಮೊದಲ ವಿಷಯ ಇದು. ಇನ್ನೊಂದು ಎಚ್ಚರಿಕೆ: 0.11 ಎರಡು ಸಲ ಬಂದಿದೆ ಅಂತ ಒಂದನ್ನು ಹೊಡೆದು ಹಾಕಬೇಡಿ. ಒಂದು ಬೇಗ ತುಂಬುವ ಹೊತ್ತು, ಇನ್ನೊಂದು ಏಟ್ರಿಯಂ ಹಿಂಡುವ ಹೊತ್ತು. ಎರಡಕ್ಕೂ ಒಂದೇ ಅಂಕಿ ಬಂದಿದೆ, ಅಷ್ಟೇ.

ಈ ಸೆಕೆಂಡುಗಳು ಪುಸ್ತಕದಿಂದ ಪುಸ್ತಕಕ್ಕೆ ಸ್ವಲ್ಪ ಬೇರೆಯಾಗುತ್ತವೆ. ಆ 0.04 ಅನ್ನು ಎಜೆಕ್ಷನ್‌ಗೇ ಸೇರಿಸಿಬಿಡುವ ಪುಸ್ತಕಗಳೂ ಇವೆ. ಯಾವುದಾದರೂ ಒಂದು ಪುಸ್ತಕದ ಲೆಕ್ಕ ಹಿಡಿಯಿರಿ, ಅದರ ಹೆಸರನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ. ಒಂದು ಅಂಕಿ ಇಲ್ಲಿಂದ, ಒಂದು ಅಲ್ಲಿಂದ ತಂದರೆ ಮೊತ್ತ ಕೂಡಿ ಬರೋದಿಲ್ಲ. ಆಗ ತಪ್ಪು ಹಿಡಿಯುವ ಸಾಧನವೇ ಕೈತಪ್ಪುತ್ತೆ.

ಕಳೆದುಹೋದ ಎರಡನೇ ವಿಷಯ ಇನ್ನೂ ದೊಡ್ಡದು. ಗೀಚಿದ ಮೊದಲ ಪುಟದಲ್ಲಿ 'ಎಲ್ಲಾ ವಾಲ್ವ್ ಕ್ಲೋಸ್, ಇಂಪಾರ್ಟೆಂಟ್' ಅಂತ ಇದೆ. ಮೂರನೇ ಪುಟದಲ್ಲಿ ಮತ್ತೆ 'ಎಲ್ಲಾ ವಾಲ್ವ್ ಕ್ಲೋಸ್' ಅಂತ ಇದೆ. ಒಂದೇ ಮಾತು ಎರಡು ಸಲ ಬರೆದಿದ್ದೇನೆ ಅಂದುಕೊಂಡು ಕಾಪಿ ಮಾಡುವಾಗ ಎರಡನೆಯದನ್ನು ಬಿಟ್ಟಿದ್ದೀರಿ. ಅದು ಒಂದೇ ಮಾತಲ್ಲ. ಮೊದಲನೆಯದು ಎರಡನೇ ತುಂಡು, ಇನ್ನೊಂದು ಐದನೇ ತುಂಡು. ಒಂದು ಬಡಿತದಲ್ಲಿ ಎರಡು ಸಲ ಎಲ್ಲಾ ಬಾಗಿಲು ಮುಚ್ಚಿರುತ್ತವೆ. ಒಮ್ಮೆ ತುಂಬಿದ ಕೋಣೆಯನ್ನು ಹಿಂಡುವಾಗ, ಒಮ್ಮೆ ಬರಿದಾದ ಕೋಣೆ ಸಡಿಲವಾಗುವಾಗ.

ಇದೇ ತಪ್ಪನ್ನು ನಾನೂ ಮಾಡಿದ್ದೆ, ಅದೂ ವೈವಾದಲ್ಲಿ. ಎಲ್ಲಾ ವಾಲ್ವ್ ಎಷ್ಟು ಸಲ ಮುಚ್ಚಿರುತ್ತವೆ ಅಂತ ಕೇಳಿದರು. 'ಒಂದು ಸಲ ಸರ್' ಅಂದೆ, ಬಹಳ ಧೈರ್ಯವಾಗಿ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ನೋಟ್ಸ್ ನಾಲ್ಕು ಬಣ್ಣದಲ್ಲಿತ್ತು, ಹಾಸ್ಟೆಲ್‌ನಲ್ಲಿ ಎಲ್ಲರೂ ಜೆರಾಕ್ಸ್ ಮಾಡಿಸಿಕೊಂಡಿದ್ದರು. ಆಮೇಲೆ ವೈವಾಕ್ಕೆ ಹೋದವರಲ್ಲಿ ಇನ್ನೂ ಮೂರು ಜನ 'ಒಂದು ಸಲ' ಅಂದು ಬಂದರಂತೆ.

ಪೆನ್ಸಿಲ್ ನಂಬರ್ ಹಾಕಿ ಮುಗಿದ ಮೇಲೆ ಹೊಸ ಹಾಳೆ ತೆಗೆಯಿರಿ. ಗಾಂಧಿ ಬಜಾರ್‌ನ ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಎ3 ಹಾಳೆ ಬಿಡಿಯಾಗಿ ಕೇಳಿ ನೋಡಿ. ಏಳೂ ತುಂಡು ಒಂದೇ ಕಡೆ ಕಾಣಬೇಕು, ಪುಟ ತಿರುಗಿಸುವ ಹಾಗಿರಬಾರದು.

ಹೆಡಿಂಗ್ ಬಗ್ಗೆ ನನ್ನದು ಒಂದೇ ಹಟ. 'ಹೃದಯದ ಸದ್ದುಗಳು', 'ಒತ್ತಡದ ಬದಲಾವಣೆ' ಅನ್ನುವ ಹೆಡಿಂಗ್ ಬೇಡ. ಅವು ಬೋರ್ಡಿನ ಅಡ್ಡ ಗೆರೆಗಳ ಹೆಸರು. ಹಾಳೆಯಲ್ಲಿ ಹೆಡಿಂಗ್ ಅಂದರೆ ಆ ಏಳು ತುಂಡುಗಳು ಮಾತ್ರ. ಪ್ರತಿ ಹೆಡಿಂಗ್‌ನಲ್ಲೂ ಮೂರು ವಿಷಯ ಇರಲಿ: ಆ ತುಂಡಿಗೆ ಪುಸ್ತಕದಲ್ಲಿರುವ ಹೆಸರು, ಸೆಕೆಂಡು, ಮತ್ತು ಆಗ ಏನು ನಡೆಯುತ್ತಿದೆ ಅಂತ ನಿಮ್ಮದೇ ಮಾತಲ್ಲಿ ಅರ್ಧ ಸಾಲು. ಅದರ ಕೆಳಗೆ ಯಾವಾಗಲೂ ಅದೇ ನಾಲ್ಕು ಸಾಲು, ಅದೇ ಕ್ರಮದಲ್ಲಿ: ವಾಲ್ವ್, ಒತ್ತಡ, ರಕ್ತ, ಮತ್ತು ಹೊರಗೆ ಕೇಳುವುದು, ಕಾಣುವುದು. ಕ್ರಮ ಬದಲಿಸದಿದ್ದರೆ ಎಲ್ಲಿ ಖಾಲಿ ಬಿದ್ದಿದೆ ಅಂತ ನೋಡಿದ ಕೂಡಲೇ ಕಾಣುತ್ತೆ. ನಿಮ್ಮ ನೋಟ್ಸ್‌ನಿಂದಲೇ ಎರಡು ತುಂಡು ಮಾಡಿ ತೋರಿಸುತ್ತೇನೆ. ಎಡಗಡೆಯ ಹೃದಯದ ಲೆಕ್ಕ ಇದು: ಏಟ್ರಿಯಂನಿಂದ ವೆಂಟ್ರಿಕಲ್‌ಗೆ ಬರುವ ಬಾಗಿಲು ಮೈಟ್ರಲ್, ವೆಂಟ್ರಿಕಲ್‌ನಿಂದ ಅಯೋರ್ಟಾಕ್ಕೆ ಹೋಗುವ ಬಾಗಿಲು ಅಯೋರ್ಟಿಕ್. ಒತ್ತಡವೆಲ್ಲ ಮಿಲಿಮೀಟರ್ ಪಾದರಸದಲ್ಲಿ.

2. ಐಸೋವಾಲ್ಯುಮೆಟ್ರಿಕ್ ಕಾಂಟ್ರಾಕ್ಷನ್, 0.05 ಸೆಕೆಂಡ್: ತುಂಬಿದ ಕೋಣೆ, ಬಾಗಿಲು ಮುಚ್ಚಿ ಹಿಂಡುವುದು
ವಾಲ್ವ್: ಮೈಟ್ರಲ್ ಈಗತಾನೇ ಮುಚ್ಚಿತು. ಅಯೋರ್ಟಿಕ್ ಇನ್ನೂ ತೆರೆದಿಲ್ಲ.
ಒತ್ತಡ: ಒಂದಂಕಿಯಿಂದ ಸುಮಾರು 80ಕ್ಕೆ ಜಿಗಿಯುತ್ತೆ. ಅಯೋರ್ಟಾದ ಒತ್ತಡವನ್ನು ದಾಟಿದರೆ ವಾಲ್ವ್ ತೆರೆಯುತ್ತೆ.
ರಕ್ತ: 120 ಎಂಎಲ್. ಬದಲಾಗಲ್ಲ.
ಹೊರಗೆ: ಶುರುವಿನಲ್ಲಿ ಮೊದಲ ಸದ್ದು. ಕುತ್ತಿಗೆಯಲ್ಲಿ ಸಿ ಅಲೆ. ಇಸಿಜಿಯಲ್ಲಿ ಕ್ಯೂಆರ್‌ಎಸ್ ಇದಕ್ಕಿಂತ ಸ್ವಲ್ಪ ಮೊದಲೇ ಶುರುವಾಗಿದೆ.

5. ಐಸೋವಾಲ್ಯುಮೆಟ್ರಿಕ್ ರಿಲ್ಯಾಕ್ಸೇಷನ್, 0.08 ಸೆಕೆಂಡ್: ಬರಿದಾದ ಕೋಣೆ, ಬಾಗಿಲು ಮುಚ್ಚಿಕೊಂಡೇ ಸಡಿಲವಾಗುವುದು
ವಾಲ್ವ್: ಅಯೋರ್ಟಿಕ್ ಈಗತಾನೇ ಮುಚ್ಚಿತು. ಮೈಟ್ರಲ್ ಇನ್ನೂ ತೆರೆದಿಲ್ಲ.
ಒತ್ತಡ: ಸರ್ರನೆ ಇಳಿಯುತ್ತೆ. ಏಟ್ರಿಯಂನ ಒತ್ತಡಕ್ಕಿಂತ ಕೆಳಗೆ ಹೋದರೆ ಮೈಟ್ರಲ್ ತೆರೆಯುತ್ತೆ.
ರಕ್ತ: 50 ಎಂಎಲ್. ಬದಲಾಗಲ್ಲ.
ಹೊರಗೆ: ಶುರುವಿನಲ್ಲಿ ಎರಡನೇ ಸದ್ದು. ಕೊನೆಗೆ ಕುತ್ತಿಗೆಯಲ್ಲಿ ವಿ ಅಲೆಯ ತುದಿ. ಇಸಿಜಿಯಲ್ಲಿ ಟಿ ಮುಗಿದಿದೆ.

ಎರಡನ್ನೂ ಹಾಳೆಯಲ್ಲಿ ಎದುರುಬದುರು ಬರೆದುಕೊಳ್ಳಿ. ಒಂದರ ಕನ್ನಡಿ ಇನ್ನೊಂದು. ಇವೆರಡು ಗಟ್ಟಿಯಾದರೆ ಉಳಿದ ಐದು ತುಂಡು ತಾವಾಗಿಯೇ ನಡುವೆ ಕೂತುಕೊಳ್ಳುತ್ತವೆ.

ಇಲ್ಲಿ 50 ಎಂಎಲ್ ಅಂತ ಬರೆದಿದ್ದೇನೆ. ನಿಮ್ಮ ನೋಟ್ಸ್‌ನಲ್ಲಿ ಇಎಸ್‌ವಿ 70 ಅಂತ ಇದೆ. ಹೇಗಾಯಿತು ಅಂತ ಫೋಟೋದಲ್ಲೇ ಕಾಣುತ್ತೆ. ಬೋರ್ಡ್ ಮೇಲೆ '120 − 50 = 70' ಅಂತ ಬರೆದಿದ್ದಾರೆ. ನೀವು ಹೆಸರುಗಳನ್ನು ಆಮೇಲೆ ಬಾಣ ಹಾಕಿ ಸೇರಿಸಿದ್ದೀರಿ, ಒಂದು ಬಾಣ ಪಕ್ಕದ ಅಂಕಿಗೆ ತಾಗಿದೆ. ಇಡಿವಿ ಅಂದರೆ ತುಂಬಿದಾಗ ಇರುವುದು, 120. ಇಎಸ್‌ವಿ ಅಂದರೆ ಹಿಂಡಿದ ಮೇಲೂ ಒಳಗೇ ಉಳಿಯುವುದು, 50. ಹೊರಗೆ ಹೋಗಿದ್ದು 70, ಅದು ಸ್ಟ್ರೋಕ್ ವಾಲ್ಯೂಮ್. ಪುಸ್ತಕ ನೋಡದೆಯೂ ಈ ತಪ್ಪು ಹಿಡಿಯಬಹುದು. ನಿಮ್ಮ ಲೆಕ್ಕದ ಹಾಗೆ 70 ಒಳಗೇ ಉಳಿದರೆ ಹೊರಗೆ ಹೋಗಿದ್ದು ಬರೀ 50. 120ರಲ್ಲಿ 50 ಅಂದರೆ ಎಜೆಕ್ಷನ್ ಫ್ರ್ಯಾಕ್ಷನ್ ಶೇಕಡಾ 42ರ ಹತ್ತಿರ. ಅದು ದುರ್ಬಲ ಹೃದಯದ ಲೆಕ್ಕ. ಸರಿಯಾದ ಲೆಕ್ಕದಲ್ಲಿ 120ಕ್ಕೆ 70, ಅಂದರೆ ಶೇಕಡಾ 58. ಆರೋಗ್ಯವಂತರಲ್ಲಿ ಇರಬೇಕಾದ್ದು ಹೀಗೆ. ಪುಸ್ತಕಗಳಲ್ಲಿ ಇಡಿವಿ 130 ಅಂತಲೂ ಕಾಣುತ್ತೆ, ಗಾಬರಿ ಬೇಡ. ಕಳೆದಾಗ, ಭಾಗಿಸಿದಾಗ ಒಪ್ಪುವ ಉತ್ತರ ಬಂದರೆ ಸಾಕು.

ಇನ್ನೊಂದು ದಾರಿ ತಪ್ಪಿದ ಬಾಣ ಮೂರನೇ ಪುಟದಲ್ಲಿದೆ. 'ಎರಡನೇ ಸದ್ದು' ಅನ್ನುವಲ್ಲಿಂದ 'ಮೈಟ್ರಲ್ ಓಪನ್' ಅನ್ನುವ ಕಡೆಗೆ ಹೋಗಿದೆ. ಎರಡೂ ಪಕ್ಕಪಕ್ಕದ ಸಾಲಿನಲ್ಲಿದ್ದವು, ಕೈ ಹಾಗೇ ಎಳೆದಿದೆ. ಆರೋಗ್ಯವಾಗಿರುವ ವಾಲ್ವ್ ತೆರೆಯುವಾಗ ಸದ್ದು ಕೇಳಿಸಲ್ಲ, ಮುಚ್ಚುವಾಗ ಕೇಳಿಸುತ್ತೆ. ಆಷಾಢದ ಗಾಳಿಗೆ ಮನೆ ಬಾಗಿಲು ತೆರೆದುಕೊಂಡಿದ್ದು ಗೊತ್ತೇ ಆಗಲ್ಲ, ಧಡಾರ್ ಅಂತ ಹಾಕಿಕೊಂಡಾಗ ಇಡೀ ಮನೆಗೆ ಗೊತ್ತಾಗುತ್ತೆ, ಅಲ್ವಾ? ವಾಲ್ವ್ ಕೂಡ ಆ ಬಾಗಿಲಿನ ಹಾಗೆಯೇ. ತಾನಾಗಿ ಅಲುಗಾಡಲ್ಲ, ಯಾವ ಕಡೆ ಒತ್ತಡ ಜಾಸ್ತಿಯೋ ಅದು ತಳ್ಳಿದ ಕಡೆಗೆ ಹೋಗುತ್ತೆ. ಎರಡನೇ ಸದ್ದು ಅಯೋರ್ಟಿಕ್ ಮತ್ತು ಪಲ್ಮನರಿ ವಾಲ್ವ್ ಮುಚ್ಚಿದ್ದರಿಂದ. ಮೈಟ್ರಲ್ ತೆರೆಯುವುದು ಅದಾಗಿ 0.08 ಸೆಕೆಂಡ್ ಆದಮೇಲೆ. ಮೈಟ್ರಲ್ ಸ್ಟೆನೋಸಿಸ್ ಇದ್ದವರಲ್ಲಿ ತೆರೆಯುವಾಗಲೂ 'ಟಕ್' ಅನ್ನುವುದುಂಟು, ಆದರೆ ಅದು ರೋಗದ ಮಾತು. ಈ ಹಾಳೆಗೆ ತರಬೇಡಿ.

ವಿ ಅಲೆಯ ವಿಚಾರ. 'ವಿ ಅಂದರೆ ವೆಂಟ್ರಿಕಲ್ ಕಾಂಟ್ರಾಕ್ಷನ್' ಅಂತ ಬರೆದಿದ್ದೀರಿ. ಪ್ರತಿ ಬ್ಯಾಚಿನಲ್ಲೂ ಅರ್ಧ ಕ್ಲಾಸ್ ಹೀಗೇ ಬರೆದುಕೊಳ್ಳುತ್ತೆ, ಮೊದಲಕ್ಷರ ನೋಡಿ ಆಗುವ ಮೋಸ ಇದು. ಎ ಅಲೆ ಏಟ್ರಿಯಂ ಹಿಂಡುವುದರಿಂದ, ಅದು ಸರಿ. ಸಿ ಅಲೆ, ವೆಂಟ್ರಿಕಲ್ ಹಿಂಡಲು ಶುರು ಮಾಡಿದಾಗ ಬಲಗಡೆಯ ಮುಚ್ಚಿದ ಟ್ರೈಕಸ್ಪಿಡ್ ವಾಲ್ವ್ ಏಟ್ರಿಯಂ ಕಡೆಗೆ ಉಬ್ಬುವುದರಿಂದ. ವಿ ಅಲೆ ಬರೋದು ಏಟ್ರಿಯಂ ತುಂಬುವುದರಿಂದ. ಟ್ರೈಕಸ್ಪಿಡ್ ಮುಚ್ಚಿದೆ, ಆದರೆ ದೇಹದಿಂದ ರಕ್ತ ಬರುವುದು ನಿಂತಿಲ್ಲ. ಮುಚ್ಚಿದ ಬಾಗಿಲ ಹಿಂದೆ ಜನ ಸೇರಿದ ಹಾಗೆ ರಕ್ತ ಸೇರುತ್ತೆ, ಒತ್ತಡ ಏರುತ್ತೆ. ಬಾಗಿಲು ತೆರೆದ ಕೂಡಲೇ ಇಳಿಯುತ್ತೆ. ಅದಕ್ಕೇ ವಿ ಅಲೆಯ ತುದಿಯನ್ನು ಐದನೇ ತುಂಡಿನ ಕೊನೆಯಲ್ಲಿ ಹಾಕಿದ್ದು. ನಂಬರ್ ಹಾಕುವಾಗ 'ಇದು ಯಾವ ತುಂಡು' ಅಂತ ಕೇಳಿಕೊಂಡಿದ್ದರೆ ವೆಂಟ್ರಿಕಲ್ ಹಿಂಡುವ ಎರಡರಲ್ಲೋ ಮೂರರಲ್ಲೋ ವಿ ತುದಿ ಕೂರಲ್ಲ ಅಂತ ಆಗಲೇ ಗೊತ್ತಾಗುತ್ತಿತ್ತು.

ನೋಟ್ಸ್‌ನಲ್ಲಿ ನಂಬರ್ ಸಿಗದೆ ಉಳಿಯುವ ಮಾತುಗಳೂ ಇರುತ್ತವೆ. ನಿಮ್ಮ 'ರೇಟ್ ಏರಿದರೆ ಡಯಾಸ್ಟೊಲ್ ಔಟ್' ಅಂಥದ್ದು. ಅದು ಒಂದು ತುಂಡಿನ ಮಾತಲ್ಲ, ಇಡೀ ಬಡಿತದ್ದು. ಹಾಳೆಯ ಬುಡದಲ್ಲಿ ಒಂದು ಚೌಕ ಹಾಕಿ ಅಲ್ಲಿ ಬರೆಯಿರಿ, ಅಂಕಿ ಸಮೇತ. ನಿಮಿಷಕ್ಕೆ 75 ಇದ್ದಾಗ ಸಿಸ್ಟೊಲ್ 0.27, ಡಯಾಸ್ಟೊಲ್ 0.53. ಬಡಿತ 200ಕ್ಕೆ ಏರಿದರೆ ಸಿಸ್ಟೊಲ್ 0.16, ಡಯಾಸ್ಟೊಲ್ 0.14. ಹಿಂಡುವ ಹೊತ್ತು ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ತುಂಬುವ ಹೊತ್ತು ಕಾಲು ಭಾಗಕ್ಕೆ ಇಳಿದಿದೆ. 'ಔಟ್' ಅಂದಿದ್ದು ಇದಕ್ಕೇ. ಬಲಗಡೆಯ ಹೃದಯಕ್ಕೂ ಇದೇ ಚೌಕದಲ್ಲಿ ಒಂದು ಸಾಲು ಸಾಕು: ಕ್ರಮ ಅದೇ, ಒತ್ತಡ ಮಾತ್ರ ಕಡಿಮೆ. ಎಡ ವೆಂಟ್ರಿಕಲ್ 120ರವರೆಗೆ ಏರಿದರೆ ಬಲ ವೆಂಟ್ರಿಕಲ್ ಸುಮಾರು 25.

ಆಕ್ಷನ್ ಪೊಟೆನ್ಷಿಯಲ್, ಸ್ಟಾರ್ಲಿಂಗ್ ನಿಯಮ, ಕಾರ್ಡಿಯಾಕ್ ಔಟ್‌ಪುಟ್, ಇವನ್ನು ಇದೇ ಹಾಳೆಗೆ ತುರುಕಬೇಡಿ. ಇಲ್ಲಿ ಬೆನ್ನೆಲುಬು ಸಮಯ. ಆಕ್ಷನ್ ಪೊಟೆನ್ಷಿಯಲ್‌ಗೆ ಬೆನ್ನೆಲುಬು ಅಯಾನುಗಳು, ಔಟ್‌ಪುಟ್‌ಗೆ ಕಾರಣಗಳು. ಅವುಗಳಿಗೆ ಬೇರೆ ಹಾಳೆ.

ಬರೆದಾದ ಮೇಲೆ ಎರಡು ಪರೀಕ್ಷೆ ಮಾಡಿ. ಏಳೂ ಹೆಡಿಂಗ್‌ನ ಕೆಳಗಿನ 'ವಾಲ್ವ್' ಸಾಲು ಮಾತ್ರ ಒಂದರ ಹಿಂದೊಂದು ಓದಿ. ಮೈಟ್ರಲ್ ಒಂದೇ ಸಲ ಮುಚ್ಚಬೇಕು, ಒಂದೇ ಸಲ ತೆರೆಯಬೇಕು. ಅಯೋರ್ಟಿಕ್ ಕೂಡ ಹಾಗೇ. ಒಂದು ವಾಲ್ವ್ ಎರಡು ಸಲ ತೆರೆದಿದ್ದರೆ ಅಥವಾ ತೆರೆದದ್ದು ಮುಚ್ಚಿಯೇ ಇಲ್ಲದಿದ್ದರೆ ಎಲ್ಲೋ ಒಂದು ಗೀಚು ತಪ್ಪು ತುಂಡಿಗೆ ಸೇರಿದೆ. ಆಮೇಲೆ 'ರಕ್ತ' ಸಾಲು ಮಾತ್ರ ಓದಿ. ಏಟ್ರಿಯಂ ಹಿಂಡುವ ಮುಂಚೆ ವೆಂಟ್ರಿಕಲ್‌ನಲ್ಲಿ 100 ಚಿಲ್ಲರೆ ಇರುತ್ತೆ, ಹಿಂಡಿದ ಮೇಲೆ 120. ಅದು 120 ಆಗಿಯೇ ಎರಡನೇ ತುಂಡು ದಾಟಿ, ಎಜೆಕ್ಷನ್‌ನಲ್ಲಿ 50ಕ್ಕೆ ಇಳಿದು, 50 ಆಗಿಯೇ ಐದನ್ನು ದಾಟಿ, ಆರರಲ್ಲಿ ಬೇಗ, ಏಳರಲ್ಲಿ ನಿಧಾನಕ್ಕೆ ಏರಿ ಮತ್ತೆ 100 ಚಿಲ್ಲರೆಗೆ ಬಂದು ನಿಲ್ಲಬೇಕು. ಶುರುವಾದಲ್ಲಿಗೇ ಬರದಿದ್ದರೆ ಹಾಳೆಯಲ್ಲಿ ಹೃದಯ ಪ್ರತಿ ಬಡಿತಕ್ಕೂ ಊದಿಕೊಳ್ಳುತ್ತಿದೆ ಅಥವಾ ಬತ್ತುತ್ತಿದೆ ಅಂತಾಯಿತು.

ಓದುವಾಗ ನಾಲ್ಕು ಸಾಲುಗಳ ಮೇಲೆ ಒಂದು ರಟ್ಟು ಮುಚ್ಚಿ ಹೆಡಿಂಗ್ ಮಾತ್ರ ಕಾಣುವ ಹಾಗೆ ಇಟ್ಟುಕೊಳ್ಳಿ. ಬೇರೆ ಹಾಳೆಯಲ್ಲಿ ನಾಲ್ಕೂ ಸಾಲು ಬರೆದು, ರಟ್ಟು ತೆಗೆದು ನೋಡಿ. ಮೂರು ದಿನ ಬಿಟ್ಟು ಮತ್ತೆ. ಎರಡನೇ ಸಲವೂ ಅದೇ ಸಾಲು ತಪ್ಪಿದರೆ ಮಾತ್ರ ಅದಕ್ಕೆ ಬಣ್ಣ ಹಚ್ಚಿ. ನೀವು ನೀಟ್ ಕಾಪಿಯಲ್ಲಿ ಎಲ್ಲದಕ್ಕೂ ಬಣ್ಣ ಹಚ್ಚಿದ್ದೀರಿ, ಹಾಗಾಗಿ ಯಾವುದೂ ಕಣ್ಣಿಗೆ ಬೀಳುತ್ತಿಲ್ಲ.

ಹಾಳೆಯನ್ನು ಜೆಲ್ ಪೆನ್ನಲ್ಲಿ ಬರೆಯಬೇಡಿ, ಬಾಲ್ ಪೆನ್ ಇರಲಿ. ನಮ್ಮ ಕಡೆಯ ಮಳೆಗಾಲದಲ್ಲಿ ಚೀಲದೊಳಗಿನ ಹಾಳೆಯೂ ತಣ್ಣಗೆ ಹಸಿಯಾಗಿರುತ್ತೆ. ಆ 'ಪ್ರೋಟೋ 0.0' ಪಕ್ಕದ ನೀಲಿ ಕಲೆ ನೋಡಿದಿರಲ್ಲ. ಇನ್ನು ಆ ಮೂರು ಪುಟ ಎಸೆಯಬೇಡಿ, ಪೆನ್ಸಿಲ್ ನಂಬರ್ ಸಮೇತ ಹಾಳೆಯ ಹಿಂದೆ ಪಿನ್ ಮಾಡಿ. ಮೊದಲ ಪುಟದ ಕೆಳಗೆ ನಿಮ್ಮ ಮೇಷ್ಟ್ರು ಹೇಳಿದ್ದನ್ನು ಕನ್ನಡದಲ್ಲೇ ಬರೆದುಕೊಂಡಿದ್ದೀರಿ: 'ಮುಷ್ಟಿ ಬಿಗಿ ಆಗ್ತಿದೆ, ನೀರು ಇನ್ನೂ ಹೊರಗೆ ಬಂದಿಲ್ಲ.' ಎರಡನೇ ತುಂಡಿಗೆ ಅದಕ್ಕಿಂತ ಒಳ್ಳೆಯ ಅರ್ಧ ಸಾಲು ನನಗೆ ಹೊಳೆಯಲಿಲ್ಲ. ನಾನು ಬರೆದ ಹೆಡಿಂಗ್ ಹೊಡೆದು ಹಾಕಿ ಅದನ್ನೇ ಇಟ್ಟುಕೊಳ್ಳಿ.